ಅಪ್‌ಡೇಟ್: ಅಮ್ಮನ ಫೋನಿನಲ್ಲಿ ಅಕ್ಕನ ಊರಿನ ಗಡಿಯಾರ

ನನ್ನ ಪ್ರಶ್ನೆ: ತೀರ್ಥಹಳ್ಳಿಯಲ್ಲಿರುವ ಅಮ್ಮನ ಆಂಡ್ರಾಯ್ಡ್ ಫೋನಿನಲ್ಲಿ ಶಿಕಾಗೋದ ಸಮಯ, ಹವಾಮಾನ ಎರಡೂ ಕಾಣುವಂತೆ ಮಾಡುವುದು ಹೇಗೆ?

ಎರಡೂ ಆಯ್ತು, ತುಂಬಾ ಥ್ಯಾಂಕ್ಸ್. ಗಂಟೆಗಳ ವ್ಯತ್ಯಾಸ ಕೊಡಬೇಡಿ, ಊರಿನ ಹೆಸರನ್ನೇ ಸೇರಿಸಿ ಅಂದಿರಲ್ವಾ, ಅದೇ ಮುಖ್ಯ. ಅಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ನವೆಂಬರ್‌ನ ಮೊದಲ ಭಾನುವಾರ ಹಿಂದೆ ಬರುತ್ತದೆ. ಹಾಗಾಗಿ ನಮ್ಮ ಬೆಳಗ್ಗೆ 7:30 ಅಂದರೆ ಅಲ್ಲಿ ಬೇಸಿಗೆಯಲ್ಲಿ ಹಿಂದಿನ ರಾತ್ರಿ 9, ಚಳಿಗಾಲದಲ್ಲಿ 8. ಊರು ಸೇರಿಸಿದ್ದರೆ ವಿಜೆಟ್ ತಾನೇ ಹೊಂದಿಸಿಕೊಳ್ಳುತ್ತದೆ.

ಹವಾಮಾನದ್ದು ಮಾತ್ರ ಮೊದಲು ನಮ್ಮೂರ ಮಳೆಯನ್ನೇ ತೋರಿಸುತ್ತಿತ್ತು. ಫೋನ್ ಇರುವ ಜಾಗವನ್ನೇ ಅದು ಹಿಡಿದಿತ್ತು. ವಿಜೆಟ್‌ನ ಸೆಟ್ಟಿಂಗ್‌ನಲ್ಲಿ ಊರು ಬದಲಿಸಿದೆ. ಈಗ ಮೇಲ್ಗಡೆ Chicago ಅಂತ ಕಾಣುತ್ತದೆ. ಅಲ್ಲಿ ಚಳಿ ಸೊನ್ನೆಗಿಂತ ಕೆಳಗೆ ಇಳಿದರೆ ಅಮ್ಮನೇ ಮೊದಲು ಫೋನ್ ಮಾಡುತ್ತಾರೆ.