ಪದಚರ್ಚೆ: ‘ಓವರ್‌ಫಿಟ್ಟಿಂಗ್’ ಅನ್ನು ‘ಅತಿಹೊಂದಾಣಿಕೆ’ ಎನ್ನಬಹುದೇ?

ಪ್ರಯೋಗ ಕೈಪಿಡಿ ಬರೆಯುತ್ತಿರುವವರು

ನಮಸ್ಕಾರ. ಪಿಯುಸಿ ಮಕ್ಕಳಿಗಾಗಿ ಬರೆಯುತ್ತಿರುವ ಕೈಪಿಡಿಯಲ್ಲಿ ಎರಡು ಪದಗಳ ಹತ್ತಿರ ನಿಂತಿದ್ದೇನೆ. ಮೇಲಿಂದ ಬಿಟ್ಟ ಚೆಂಡನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, 0.1 ಸೆಕೆಂಡಿಗೊಮ್ಮೆ ಅದು ಎಷ್ಟು ಸೆಂಟಿಮೀಟರ್ ಬಿದ್ದಿದೆ ಎಂದು ಹಿಂದಿನ ಅಳತೆಪಟ್ಟಿಯಲ್ಲಿ ಓದುವುದು, ಆಮೇಲೆ ಸ್ಪ್ರೆಡ್‌ಶೀಟಿನಲ್ಲಿ ಟ್ರೆಂಡ್‌ಲೈನ್ ಎಳೆಯುವುದು ಪಾಠ. ‘ಕ್ವಾಡ್ರಾಟಿಕ್ ಟ್ರೆಂಡ್’ಗೆ ‘ವರ್ಗ ಪ್ರವೃತ್ತಿ’, ರೇಖೆ ಅಳತೆಯ ತಪ್ಪುಗಳಿಗೂ ಬಗ್ಗಿಬಿಡುವ ‘ಓವರ್‌ಫಿಟ್ಟಿಂಗ್’ಗೆ ‘ಅತಿಹೊಂದಾಣಿಕೆ’ ಎಂದು ಬರೆದಿದ್ದೇನೆ. ಸರಿಯೇ? ಪಾಠದ ಅಂಕಿಗಳು ಇವು:

```
ಸೆಕೆಂಡ್  0   0.1  0.2  0.3  0.4  0.5  0.6
ಸೆಂ.ಮೀ.  1   4    20   45   77   123  176
```

ಸಮಾಜಶಾಸ್ತ್ರ ಓದಿದವರು

‘ವರ್ಗ ಪ್ರವೃತ್ತಿ’ ಬೇಡ. ಮಧ್ಯಮ ವರ್ಗ, ಶ್ರಮಿಕ ವರ್ಗ ಎನ್ನುವಾಗಿನ ವರ್ಗವೇ ಮೊದಲು ನೆನಪಾಗುತ್ತದೆ. ಆಯಾ ವರ್ಗದ ಜನರ ನಡವಳಿಕೆಯನ್ನು ಹೇಳುವುದಾದರೆ ‘ವರ್ಗಸ್ವಭಾವ’ ಎಂಬ ಪದ ಬಳಕೆಯಲ್ಲೇ ಇದೆಯಲ್ಲ.

ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದವರು

ಇಲ್ಲಿ ಹೇಳುತ್ತಿರುವುದು ಗಣಿತದ ವರ್ಗ ಸರ್, ವರ್ಗಮೂಲ ಎನ್ನುವಾಗಿನದು. ‘ಅತಿಹೊಂದಾಣಿಕೆ’ ನನಗೆ ಒಪ್ಪಿಗೆ. ಅದನ್ನು ಪತ್ತೆಹಚ್ಚುವುದೂ ಸುಲಭ: ರೇಖೆ ಬಿಂದುಗಳಿಗೆ ಎಷ್ಟು ಹತ್ತಿರವಿದೆ ಎಂದು ಹೇಳುವ R² ಅನ್ನು ಚಾರ್ಟಿನಲ್ಲಿ ತೋರಿಸಿ, ಅದು 1ಕ್ಕೆ ತೀರ ಹತ್ತಿರ ಬಂದರೆ ಅತಿಹೊಂದಾಣಿಕೆ ಆಗಿದೆ ಎಂದರ್ಥ.

ಭೌತಶಾಸ್ತ್ರದ ಉಪನ್ಯಾಸಕಿ

ಆ ಪರೀಕ್ಷೆ ಈ ಅಂಕಿಗಳ ಮೇಲೆ ನಿಲ್ಲುವುದಿಲ್ಲ. ಎರಡನೆಯ ಘಾತಕ್ಕೇ R² 0.9998 ಬರುತ್ತದೆ, ಆದರೂ ಅಲ್ಲಿ ಯಾವ ಅತಿಯೂ ಇಲ್ಲ. ಚೆಂಡು ಬೀಳುವ ನಿಯಮವೇ ಅದು. ಘಾತ ಏರಿಸಿದಂತೆ R² ಏರುತ್ತದೆ, ಇಳಿಯುವುದಂತೂ ಸಾಧ್ಯವಿಲ್ಲ. ಏಳು ಅಳತೆಗೆ ಆರನೆಯ ಘಾತ ಕೊಟ್ಟರೆ ರೇಖೆ ಏಳೂ ಬಿಂದುಗಳ ಮೇಲೆ ಹಾದು R² ನೇರ 1 ಆಗುತ್ತದೆ. ಹಾಗಾಗಿ ಯಾವ ಘಾತಕ್ಕೆ ನಿಲ್ಲಬೇಕು ಎಂದು R² ಹೇಳಲಾರದು.

ಚಾರ್ಟಿನ ಸಮೀಕರಣಕ್ಕಿಂತ `LINEST` ಬಳಸಿ. A ಕಾಲಂನಲ್ಲಿ ಸಮಯ, B ಯಲ್ಲಿ ಅದರ ವರ್ಗ (`=A2^2`), C ಯಲ್ಲಿ ದೂರ ಹಾಕಿಕೊಂಡು ಹೀಗೆ ಬರೆಯಿರಿ:

```
=LINEST(C2:C8, A2:B8, TRUE, TRUE)
```

ಹಳೆಯ ಎಕ್ಸೆಲ್ ಆದರೆ ಐದು ಸಾಲು, ಮೂರು ಕಾಲಂ ಆರಿಸಿಕೊಂಡು Ctrl+Shift+Enter ಒತ್ತಬೇಕು. ಉತ್ತರ ತಿರುಗುಮುರುಗಾಗಿ ಬರುತ್ತದೆ: ಮೊದಲು B ಯ ಸಹಗುಣಕ, ಆಮೇಲೆ A ಯದು, ಕೊನೆಗೆ ಸ್ಥಿರಾಂಕ. ಇದನ್ನು ಗಮನಿಸದೆ ಸಮಯದ ಸಹಗುಣಕವನ್ನೇ ವರ್ಗದ್ದೆಂದು ಬರೆದುಕೊಳ್ಳುವುದು ತೀರ ಸಾಮಾನ್ಯ. ಎರಡನೆಯ ಸಾಲಿನಲ್ಲಿರುವುದು ಒಂದೊಂದು ಸಹಗುಣಕ ಎಷ್ಟು ಅಲುಗಾಡಬಹುದು ಎಂಬ ಅಂದಾಜು. ಮೂರನೆಯ ಸಾಲಿನ ಎರಡನೆಯ ಅಂಕಿ, ಬಿಂದುಗಳು ರೇಖೆಯಿಂದ ಸಾಮಾನ್ಯವಾಗಿ ಎಷ್ಟು ದೂರ ಇವೆ ಎಂಬುದು. ಕೆಳಗಿನ ಮೂರು ಸಾಲುಗಳ ಕೊನೆಯ ಕಾಲಂನಲ್ಲಿ `#N/A` ಕಂಡರೆ ಗಾಬರಿ ಬೇಡ, ಅಲ್ಲಿ ಬರಬೇಕಾದದ್ದೇ ಏನೂ ಇಲ್ಲ.

ನಿಮ್ಮ ಅಂಕಿಗಳಿಗೆ ವರ್ಗದ ಸಹಗುಣಕ 493, ಅಲುಗಾಟ 12. ಇದು ಗುರುತ್ವ ವೇಗೋತ್ಕರ್ಷದ ಅರ್ಧ. ಎರಡರಿಂದ ಗುಣಿಸಿದರೆ 9.86 ಮೀ/ಸೆ², ಪುಸ್ತಕದ 9.8ಕ್ಕೆ ಹತ್ತಿರವೇ. ಬಿಂದುಗಳ ದೂರ ಸುಮಾರು 1.1 ಸೆಂ.ಮೀ. ಚಲಿಸುವ ಚೆಂಡಿನ ಮಸುಕು ಚಿತ್ರದಲ್ಲಿ ಪಟ್ಟಿ ಓದುವಾಗಿನ ತಪ್ಪೂ ಅಷ್ಟೇ ಇರುತ್ತದೆ. ಅಂದರೆ ಉಳಿದಿರುವುದು ಓದಿದವರ ಕಣ್ಣಿನ ತಪ್ಪು ಮಾತ್ರ. ಇನ್ನೊಂದು ಘಾತ ವಿವರಿಸಬೇಕಾದ ಸಂಗತಿ ಯಾವುದೂ ಉಳಿದಿಲ್ಲ.

ಈಗ ಘನದ ಕಾಲಂ ಒಂದನ್ನು ಸೇರಿಸಿ ನೋಡಿ. ಘನದ ಸಹಗುಣಕ −28, ಅದರ ಅಲುಗಾಟ 84. ಸೊನ್ನೆಯೋ ಅಲ್ಲವೋ ಎಂದು ಹೇಳಲೂ ಆಗದಂಥ ಅಂಕಿ. ಕೇಡು ಅಷ್ಟಕ್ಕೇ ನಿಲ್ಲದೆ ವರ್ಗದ ಸಹಗುಣಕವನ್ನೂ ಹಿಡಿಯುತ್ತದೆ: ಅದು 518 ಆಗಿ, ಅಲುಗಾಟ 12ರಿಂದ 77ಕ್ಕೆ ಹಾರುತ್ತದೆ. ನಾವು ಅಳೆಯಹೊರಟ ಗುರುತ್ವವೇ ಮಂಜಾಯಿತು. ಮಕ್ಕಳಿಗೆ ತೋರಿಸಬೇಕಾದದ್ದು ಇದು.

ಪದದ ವಿಷಯ. ‘ವರ್ಗ ಸಮೀಕರಣ’ ಹತ್ತನೆಯ ತರಗತಿಯಿಂದ ಮಕ್ಕಳಿಗೆ ಗೊತ್ತು, ಆದ್ದರಿಂದ ‘ವರ್ಗ ಸಮೀಕರಣದ ರೇಖೆ’ ಎಂದರೆ ಮೇಲೆ ಆದಂಥ ಗೊಂದಲ ಆಗದು. ‘ಪ್ರವೃತ್ತಿ’ ಮನುಷ್ಯನ ಸ್ವಭಾವಕ್ಕೆ ಹೇಳುವ ಮಾತು, ಬಿಡಿ. ‘ಹೊಂದಾಣಿಕೆ’ಯೂ ನನಗೆ ಒಗ್ಗುತ್ತಿಲ್ಲ. ಹೊಂದಾಣಿಕೆ ಮಾಡಿಕೊಳ್ಳುವುದೆಂದರೆ ಎರಡೂ ಕಡೆಯವರು ಸ್ವಲ್ಪ ಬಗ್ಗುವುದು. ಇಲ್ಲಿ ಅಳತೆಗಳು ಬಗ್ಗುವುದಿಲ್ಲ, ರೇಖೆಯೊಂದೇ ಎಲ್ಲಕ್ಕೂ ಬಗ್ಗುತ್ತದೆ. ಅಂಗಿ ಮೈಗೆ ಕೂತಿತು ಎನ್ನುತ್ತೇವಲ್ಲ, ಹಾಗೆ ‘ರೇಖೆ ಕೂರಿಸುವುದು’, ‘ಅತಿಯಾಗಿ ಕೂರಿಸುವುದು’ ಎಂದರೆ ಹೇಗೆ?

ಗುಣಮಟ್ಟ ವಿಭಾಗದವರು

R² ವಿಷಯ ಒಪ್ಪಿದೆ ಮೇಡಂ. ಆದರೆ ನೀವು ಹೇಳಿದ ಬಿಂದುಗಳ ದೂರವನ್ನೇ ಎಲ್ಲ ಘಾತಗಳಿಗೂ ತೆಗೆದೆ. ಎರಡಕ್ಕೆ 1.09, ಮೂರಕ್ಕೆ 1.23, ನಾಲ್ಕಕ್ಕೆ 1.42, ಐದಕ್ಕೆ ಮತ್ತೆ 0.99. ಕಡಿಮೆ ಇರುವುದೇ ಒಳ್ಳೆಯದಾದರೆ ಐದನೆಯ ಘಾತ ಗೆಲ್ಲಬೇಕಲ್ಲವೇ?

ಭೌತಶಾಸ್ತ್ರದ ಉಪನ್ಯಾಸಕಿ

ಒಳ್ಳೆಯ ಪ್ರಶ್ನೆ. ಐದನೆಯ ಘಾತದಲ್ಲಿ ಸ್ಥಿರಾಂಕವೂ ಸೇರಿ ಆರು ಸಹಗುಣಕ, ನಮ್ಮಲ್ಲಿರುವುದು ಏಳು ಅಳತೆ. ತಪ್ಪನ್ನು ಅಂದಾಜು ಮಾಡಲು ಉಳಿದದ್ದು ಒಂದೇ ಒಂದು. ಆ 0.99 ಅದೃಷ್ಟವಿದ್ದರೆ 0.2 ಆಗಬಹುದಿತ್ತು, ಇಲ್ಲದಿದ್ದರೆ 2 ಆಗಬಹುದಿತ್ತು. ಉಳಿದ ಸಂಖ್ಯೆ `LINEST`ನ ನಾಲ್ಕನೆಯ ಸಾಲಿನಲ್ಲಿ ಎರಡನೆಯದಾಗಿ ಇರುತ್ತದೆ. ಅದು ಮೂರು ನಾಲ್ಕಕ್ಕಿಂತ ಇಳಿದಾಗ ಇಂಥ ಇಳಿಕೆಯನ್ನು ನಂಬಬೇಡಿ.

ರೇಖೆಯನ್ನು 0.7 ಸೆಕೆಂಡಿಗೆ ಮುಂದುವರಿಸಿದರೆ ಇನ್ನೂ ಸ್ಪಷ್ಟ. ಎರಡನೆಯ ಘಾತ 240 ಸೆಂ.ಮೀ. ಎನ್ನುತ್ತದೆ, ನಿಯಮದಂತೆಯೂ ಅಷ್ಟೇ. ಐದನೆಯದು 218. ಆರನೆಯದು 162, ಅಂದರೆ 0.6ರಲ್ಲಿ 176ಕ್ಕೆ ಇಳಿದಿದ್ದ ಚೆಂಡು ಮತ್ತೆ ಮೇಲೆ ಬಂದಿದೆ! ಕೈಪಿಡಿಯಲ್ಲಿ ಕೊನೆಯ ಒಂದು ಅಳತೆಯನ್ನು ಮುಚ್ಚಿಟ್ಟು ರೇಖೆ ಕೂರಿಸಿ, ಆಮೇಲೆ ತೆರೆದು ನೋಡಲು ಹೇಳಿ.

ಕೃಷಿಕರೊಬ್ಬರು

ನಮ್ಮ ಬೋರ್‌ವೆಲ್ಲಿನ ನೀರಿನ ಮಟ್ಟ ತಿಂಗಳಿಗೊಮ್ಮೆ ಬರೆದಿಟ್ಟಿದ್ದೇನೆ, ಎರಡು ವರ್ಷದ್ದು. ಎರಡನೆಯ ಘಾತದ ರೇಖೆ ಮಳೆಗಾಲವನ್ನು ತೋರಿಸುವುದೇ ಇಲ್ಲ, ಆರನೆಯದು ತೋರಿಸುತ್ತದೆ. ಚಾರ್ಟಿನ ಸಮೀಕರಣಕ್ಕೆ ತಾರೀಖು ಹಾಕಿದರೆ ಮಾತ್ರ ಕೋಟಿಗಟ್ಟಲೆ ಅಂಕಿ ಬರುತ್ತದೆ. ನನ್ನದೂ ಅತಿ ಕೂರಿಸಿದ್ದೇ?

ಭೌತಶಾಸ್ತ್ರದ ಉಪನ್ಯಾಸಕಿ

ಕೋಟಿಯ ಕಾರಣ ಬೇರೆ. ಸ್ಪ್ರೆಡ್‌ಶೀಟಿಗೆ ತಾರೀಖು ಎಂದರೆ 45 ಸಾವಿರದ ಆಸುಪಾಸಿನ ಸಂಖ್ಯೆ. ಅದರ ಆರನೆಯ ಘಾತಕ್ಕೆ, ಚಾರ್ಟು ನಾಲ್ಕೈದು ಅಂಕಿಗೆ ಮೊಟಕು ಮಾಡಿ ತೋರಿಸುವ ಸಹಗುಣಕ ಸಾಲದು. ಮೊದಲ ತಾರೀಖನ್ನು ಎಲ್ಲದರಿಂದ ಕಳೆದು, ದಿನಗಳ ಲೆಕ್ಕದಲ್ಲಿ ಸ್ಕ್ಯಾಟರ್ ಚಾರ್ಟ್ ಮಾಡಿ. ಲೈನ್ ಚಾರ್ಟ್ ಬೇಡ. ಅದು ಸಮಯವನ್ನು ಬರಿಯ 1, 2, 3 ಎಂದು ಎಣಿಸಿಕೊಳ್ಳುವುದುಂಟು.

ಎರಡನೆಯ ಘಾತ ಅಲ್ಲಿ ಸಾಲದೆಂಬುದು ನಿಜ. ಅಳತೆಗೂ ರೇಖೆಗೂ ಇರುವ ವ್ಯತ್ಯಾಸ, ಅಂದರೆ ಉಳಿಕೆಗಳ ಚಿಹ್ನೆ ನೋಡಿ. ಚೆಂಡಿನ ಅಳತೆಗಳಲ್ಲಿ ಅವು ಕೂಡು, ಕಳೆ ಎಂದು ಕಲಸಿಕೊಂಡಿವೆ. ನಿಮ್ಮಲ್ಲಿ ತಿಂಗಳುಗಟ್ಟಲೆ ಒಂದೇ ಚಿಹ್ನೆ ಇರುತ್ತದೆ. ಆದರೆ ವರ್ಷ ವರ್ಷ ಮರಳುವ ಏರಿಳಿತ ಯಾವ ಘಾತದ ರೇಖೆಗೂ ಸಿಗುವಂಥದ್ದಲ್ಲ. ಆರನೆಯದು ಈ ಎರಡು ವರ್ಷವನ್ನು ಬರೆದು ತೋರಿಸಬಹುದು, ಮೂರನೆಯ ಬೇಸಿಗೆಯನ್ನು ಅದರಿಂದ ಓದಬೇಡಿ.

ಕೈಪಿಡಿ ಬರೆಯುತ್ತಿರುವವರು

‘ವರ್ಗ ಸಮೀಕರಣದ ರೇಖೆ’ ತೆಗೆದುಕೊಂಡೆ. ‘ಕೂರಿಸು’ ಕ್ರಿಯಾಪದವಾಗಿ ಚೆನ್ನಾಗಿದೆ, ಆದರೆ ಅಧ್ಯಾಯದ ತಲೆಬರಹಕ್ಕೆ ನಾಮಪದ ಬೇಕು. ‘ಅತಿಕೂರಿಕೆ’ ಎಂದು ಬರೆದು ನೋಡಿದೆ, ಕಿವಿಗೆ ಹಿತವಾಗಲಿಲ್ಲ. ಸದ್ಯ ತಲೆಬರಹದಲ್ಲಿ ‘ಓವರ್‌ಫಿಟ್ಟಿಂಗ್’ ಎಂದೇ ಇಟ್ಟಿದ್ದೇನೆ. ಮೇಲಿನ ಪತ್ರದಲ್ಲಿ ಮೇಡಂ ‘ಉಳಿಕೆ’ ಎಂದಿದ್ದಾರೆ, ನಾನು ‘ಶೇಷ’ ಎಂದು ಬರೆದಿದ್ದೆ. ಭಾಗಾಕಾರದ ಶೇಷಕ್ಕೂ ಇದಕ್ಕೂ ಒಂದೇ ಪದ ಬೇಡವೆಂದು ‘ಉಳಿಕೆ’ಗೆ ಬದಲಿಸುತ್ತಿದ್ದೇನೆ.