741ರ 2ನೇ ಪಿನ್ ಸೊನ್ನೆಗೆ ಬರ್ತಿಲ್ಲ, ಯಾಕೆ?

ಚೈತ್ರಾ: ಸರ್, 741 ಆಪ್-ಆಂಪ್ ಐಸಿಯಲ್ಲಿ ಇನ್‌ವರ್ಟಿಂಗ್ ಆಂಪ್ಲಿಫೈಯರ್ ಕಟ್ಟಿದ್ದೇನೆ. ಇನ್‌ಪುಟ್‌ಗೆ 1ಕೆ, ಫೀಡ್‌ಬ್ಯಾಕ್‌ಗೆ 10ಕೆ, ಸಪ್ಲೈ ±12. 3ನೇ ಪಿನ್ ಗ್ರೌಂಡಿಗೆ. 2 ವೋಲ್ಟ್ ಡಿ.ಸಿ. ಕೊಟ್ಟರೆ 2ನೇ ಪಿನ್‌ನಲ್ಲಿ 0.86 ಬರುತ್ತಿದೆ. ಸೊನ್ನೆ ಇರಬೇಕು ಅಲ್ವಾ? ಐಸಿ ಬದಲಾಯಿಸಿದರೂ ಅದೇ.

ವೆಂಕಟೇಶ್ (ಅನಲಾಗ್ ಡಿಸೈನರ್): ಐಸಿ ಚೆನ್ನಾಗಿದೆ. ಔಟ್‌ಪುಟ್ ಬರುವ 6ನೇ ಪಿನ್ ಅಳೆಯಿರಿ, −10.5 ಆಸುಪಾಸು ಇರುತ್ತದೆ.

ಮೊದಲು 0.5 ವೋಲ್ಟ್ ಕೊಟ್ಟಿದ್ದೀರಿ ಅಂದುಕೊಳ್ಳಿ. 3ನೇ ಪಿನ್ ಸೊನ್ನೆ, ಹಾಗಾಗಿ 2ನೇ ಪಿನ್ನೂ ಸೊನ್ನೆ. 1ಕೆ ಮೇಲೆ ಪೂರ್ತಿ 0.5 ವೋಲ್ಟ್ ಬೀಳುತ್ತದೆ, 0.5 ಮಿಲಿಆಂಪ್ ಹರಿಯುತ್ತದೆ. ಪಿನ್ ಒಳಗೆ ಕರೆಂಟ್ ಹೋಗುವುದಿಲ್ಲ. ಅಷ್ಟೂ 10ಕೆ ಮೂಲಕವೇ ಹೋಗಬೇಕು, ಅಲ್ಲಿ 5 ವೋಲ್ಟ್ ಬೀಳುತ್ತದೆ. ಒಂದು ತುದಿ ಸೊನ್ನೆ, ಇನ್ನೊಂದು −5. ಗೇನ್ −Rf/Rin, ಅಂದರೆ −10.

ಈಗ ನಿಮ್ಮ 2 ವೋಲ್ಟ್. ಔಟ್‌ಪುಟ್ −20ಕ್ಕೆ ಹೋಗಬೇಕು, ಆದರೆ ಸಪ್ಲೈ ಇರುವುದೇ −12. ಚಿಪ್ −10.5ರಲ್ಲಿ ನಿಂತುಬಿಡುತ್ತದೆ. ಅಲ್ಲಿಗೆ ಅದು ಆಂಪ್ಲಿಫೈಯರ್ ಅಲ್ಲ. ಉಳಿದಿದ್ದು +2ಕ್ಕೂ −10.5ಕ್ಕೂ ನಡುವೆ ಸಾಲಾಗಿ ಕೂತ 11ಕೆ. 12.5 ವೋಲ್ಟ್‌ಗೆ 1.136 ಮಿಲಿಆಂಪ್. 1ಕೆ ಮೇಲೆ 1.136 ವೋಲ್ಟ್ ಹೋದರೆ 2ನೇ ಪಿನ್‌ನಲ್ಲಿ ಉಳಿಯುವುದು 0.86. ನಿಮ್ಮ ಮೀಟರ್ ಸುಳ್ಳು ಹೇಳಿಲ್ಲ. ಇನ್‌ಪುಟ್ 1 ವೋಲ್ಟ್ ಒಳಗಿಡಿ.

ಚೈತ್ರಾ: 6ನೇ ಪಿನ್ −10.48 ಸರ್! ಇನ್‌ಪುಟ್ ಇಳಿಸಿದೆ, 2ನೇ ಪಿನ್ ಸೊನ್ನೆಗೆ ಬಂತು.

ಗಿರೀಶ್: ಇನ್‌ಪುಟ್ ಇಂಪಿಡೆನ್ಸ್ ಅನಂತ. ಅದಕ್ಕೇ ಎರಡೂ ಪಿನ್ ಒಂದೇ ವೋಲ್ಟೇಜ್. ಇಷ್ಟು ಉದ್ದ ಬೇಕಿರಲಿಲ್ಲ.

ವೆಂಕಟೇಶ್: ಅರ್ಧ ಸರಿ. ಪಿನ್ ಒಳಗೆ ಕರೆಂಟ್ ಹೋಗದಿರುವುದು ಅದರಿಂದ. ಎರಡು ಪಿನ್ ಸಮ ಆಗುವುದು, ಅಂದರೆ ವರ್ಚುವಲ್ ಶಾರ್ಟ್, ಭಾರಿ ಗೇನ್ ಮತ್ತು ಫೀಡ್‌ಬ್ಯಾಕ್‌ನಿಂದ. 741ರ ಓಪನ್ ಲೂಪ್ ಗೇನ್ ಸುಮಾರು 2 ಲಕ್ಷ. 5 ವೋಲ್ಟ್ ಔಟ್‌ಪುಟ್‌ಗೆ ಪಿನ್‌ಗಳ ನಡುವೆ 25 ಮೈಕ್ರೋವೋಲ್ಟ್ ಸಾಕು.

ಶಂಕರಣ್ಣ (ರೇಡಿಯೋ ರಿಪೇರಿ): ನಮ್ಮ ಆಂಪ್ಲಿಫೈಯರ್‌ನಲ್ಲಿ ಗುಂಯ್ ಅಂತ ಸದ್ದು ಬರುತ್ತೆ. ಇದೇ ತೊಂದರೆನಾ? ಗೇನ್ ಸರಿ ಬರದಿದ್ದರೆ 2, 3ನೇ ಪಿನ್ ವೈರ್ ಹಾಕಿ ಸೇರಿಸಿ ಅಂತ ಒಂದು ಫಾರ್ವರ್ಡ್ ಬಂದಿದೆ. ವರ್ಚುವಲ್ ಶಾರ್ಟ್ ಅಂದ್ರೆ ಅದೇ ತಾನೆ.

ವೆಂಕಟೇಶ್: ದಯವಿಟ್ಟು ಸೇರಿಸಬೇಡಿ. ಸೇರಿಸಿದರೆ ನಿಮ್ಮ ಸಿಗ್ನಲ್ ಕರೆಂಟ್ ಅಷ್ಟೂ ಗ್ರೌಂಡಿಗೆ ಹೋಗುತ್ತದೆ. ಚಿಪ್‌ಗೆ ಕಾಣುವುದು ಅದರದೇ ಆಫ್‌ಸೆಟ್ ಮಾತ್ರ, ಔಟ್‌ಪುಟ್ ಯಾವುದೋ ಒಂದು ತುದಿಗೆ ಹೋಗಿ ಕೂರುತ್ತದೆ. ಈ ಫಾರ್ವರ್ಡ್ ಬರೆದವರು ಸೋಲ್ಡರಿಂಗ್ ಐರನ್ ಹಿಡಿದಿಲ್ಲ.

ಫಾತಿಮಾ: ನಾನ್-ಇನ್‌ವರ್ಟಿಂಗ್‌ನಲ್ಲಿ ಅದೇ ರೆಸಿಸ್ಟರ್‌ಗೆ ಗೇನ್ 11 ಯಾಕೆ? ಆ ಒಂದು ಎಲ್ಲಿಂದ ಬಂತು?

ವೆಂಕಟೇಶ್: 0.5 ವೋಲ್ಟ್ 3ನೇ ಪಿನ್‌ಗೆ ಕೊಡಿ, 1ಕೆ 2ನೇ ಪಿನ್‌ನಿಂದ ಗ್ರೌಂಡಿಗೆ. 2ನೇ ಪಿನ್ ಹಿಂದೆಯೇ 0.5ಕ್ಕೆ ಏರುತ್ತದೆ. 1ಕೆ ಎಳೆಯುವ 0.5 ಮಿಲಿಆಂಪ್ ಔಟ್‌ಪುಟ್‌ನಿಂದ 10ಕೆ ದಾಟಿ ಬರಬೇಕು, ಅಲ್ಲಿ 5 ವೋಲ್ಟ್. ಈ ಸಲ ಪಿನ್ ಸೊನ್ನೆಯಲ್ಲಿಲ್ಲ, ಅದರ 0.5 ಕೂಡ ಸೇರಿ 5.5. ಆ ಒಂದು ಅದೇ: 1 + Rf/R1.

ಮಂಜು: LM358ಗೆ ಒಂದೇ 9 ವೋಲ್ಟ್ ಬ್ಯಾಟರಿ ಹಾಕಿ ಇನ್‌ವರ್ಟಿಂಗ್ ಮಾಡಬಹುದಾ?

ನವೀನ್: ವೆಂಕಟೇಶ್ ಸರ್, ನಿಮ್ಮ ಲೆಕ್ಕದಲ್ಲಿ ಪ್ಲಸ್ ಪಿನ್ ಯಾವುದು, ಮೈನಸ್ ಯಾವುದು ಅನ್ನೋದು ಬರೋದೇ ಇಲ್ಲ. ಮೈನಸ್ ಆದ 2, ಪ್ಲಸ್ ಆದ 3 ಅದಲುಬದಲು ಮಾಡಿದರೂ −10 ಬರಬೇಕಲ್ಲ.

ವೆಂಕಟೇಶ್: ಒಳ್ಳೇ ಪ್ರಶ್ನೆ. ಲೆಕ್ಕ ನಿಜಕ್ಕೂ ಅದನ್ನೇ ಹೇಳುತ್ತದೆ, ಸರ್ಕ್ಯೂಟ್ ಹೇಳುವುದಿಲ್ಲ. ಸರಿಯಾಗಿ ಕಟ್ಟಿದಾಗ ಪಿನ್ ಸ್ವಲ್ಪ ಮೇಲೆ ಹೋದರೆ ಔಟ್‌ಪುಟ್ ಕೆಳಗಿಳಿದು ಅದನ್ನು ವಾಪಸ್ ಎಳೆಯುತ್ತದೆ. ಅದಲುಬದಲು ಮಾಡಿದರೆ ಔಟ್‌ಪುಟ್ ಕೂಡ ಮೇಲೆ ಹೋಗಿ ಪಿನ್ನನ್ನು ಇನ್ನೂ ಮೇಲಕ್ಕೆ ತಳ್ಳುತ್ತದೆ. 0.5 ವೋಲ್ಟ್‌ಗೆ ಔಟ್‌ಪುಟ್ +10.5ಕ್ಕೆ ಅಂಟಿಕೊಂಡರೆ ಆ ಪಿನ್‌ನಲ್ಲಿ 1.41 ಕಾಣುತ್ತದೆ. ಎರಡು ಪಿನ್ ಸಮ ಅಂತ ಬರೆಯುವ ಮುಂಚೆ ಫೀಡ್‌ಬ್ಯಾಕ್ ಮೈನಸ್ ಪಿನ್‌ಗೆ ಹೋಗಿದೆಯಾ, ಔಟ್‌ಪುಟ್ ಸಪ್ಲೈಗೆ ತಾಗಿಲ್ಲವಾ, ಇವೆರಡನ್ನೂ ನೋಡಬೇಕು.

ನವೀನ್: ಸಿಮ್ಯುಲೇಟರ್‌ನಲ್ಲಿ ಅದಲುಬದಲು ಮಾಡಿ ನೋಡಿದೆ. −5 ಬಂತು.

ಗಿರೀಶ್: ಸಿಮ್ಯುಲೇಟರ್ ನೋಡಿ ಎಂಜಿನಿಯರ್ ಆದವರ ಕಥೆ ಇಷ್ಟೇ.

ನವೀನ್: ಇಂಪಿಡೆನ್ಸ್‌ನಿಂದಲೇ ವೋಲ್ಟೇಜ್ ಸಮ ಆಗುತ್ತೆ ಅಂದವರು ನೀವೇ ಅಲ್ವಾ? ಸುಮ್ನೆ ಕೂತ್ಕೊಳ್ಳಿ.

ಗಿರೀಶ್: ಅರ್ಧ ಸರಿ ಅಂದಿದ್ದಾರೆ. ನಿಮ್ಮದು ಅಷ್ಟೂ ಇಲ್ಲ.

ಸುಹಾಸ್: ನಾನ್-ಇನ್‌ವರ್ಟಿಂಗ್‌ಗೆ 1 ಯಾಕೆ ಸೇರಿಸಬೇಕು ಸರ್?

ವೆಂಕಟೇಶ್: ಸುಹಾಸ್, ಮೇಲೆ ಓದಿ.

ನವೀನ್, ಡಿ.ಸಿ. ಅನಾಲಿಸಿಸ್ ಸಮೀಕರಣಕ್ಕೆ ಒಂದು ಉತ್ತರ ಹುಡುಕಿ ನಿಲ್ಲುತ್ತದೆ. ಆ ಉತ್ತರದಲ್ಲಿ ಸರ್ಕ್ಯೂಟ್ ನಿಲ್ಲುತ್ತದಾ ಅಂತ ಅದು ನೋಡುವುದಿಲ್ಲ. ಬ್ರೆಡ್‌ಬೋರ್ಡ್‌ನಲ್ಲಿ ಕಟ್ಟಿ 6ನೇ ಪಿನ್ ಎಷ್ಟು ಅಂತ ಬರೆಯಿರಿ. ಅಲ್ಲಿವರೆಗೆ ಇಬ್ಬರೂ ಜಗಳ ನಿಲ್ಲಿಸಿ.

ನವೀನ್: ಮನೆಯಲ್ಲಿ 741 ಇಲ್ಲ. ಟ್ರಾನ್ಸಿಯೆಂಟ್ ಹಾಕಿದರೂ −5ರಲ್ಲೇ ನಿಂತಿದೆಯಲ್ಲ?

ಚೈತ್ರಾ: ನನ್ನ ಹತ್ತಿರ ಇದೆ, ನಾಳೆ ಲ್ಯಾಬ್‌ನಲ್ಲಿ ಹಾಕಿ ಹೇಳ್ತೀನಿ.

ಮಂಜು: LM358?