ಇಪ್ಪತ್ತು ದಿನಕ್ಕೊಂದು ಸಬ್ಜೆಕ್ಟ್ ಬೇಡ ಮಗಾ

"ಚಿಕ್ಕಮ್ಮ, ನೀಟ್‌ಗೆ ಇನ್ನು 60 ದಿನ ಇದೆ. ಮೊದಲು 20 ದಿನ ಪೂರ್ತಿ ಬಯಾಲಜಿ, ಆಮೇಲೆ 20 ದಿನ ಕೆಮಿಸ್ಟ್ರಿ, ಕೊನೇ 20 ದಿನ ಫಿಸಿಕ್ಸ್ ಅಂತ ಟೈಮ್‌ಟೇಬಲ್ ಹಾಕಿದ್ದೀನಿ. ಈ ಸಲ ಮನೇಲೇ ಓದ್ತಿರೋದು. ಸರಿ ಇದೆಯಾ ನೋಡಿ ಹೇಳ್ತೀರಾ?"

ಮಗಾ, ಬೆಳಗ್ಗೆ ಕ್ಲಾಸಲ್ಲಿದ್ದೆ, ಈಗ ಸ್ಟಾಫ್ ರೂಮಲ್ಲಿ ಒಬ್ಬಳೇ ಇದ್ದೀನಿ, ಸ್ವಲ್ಪ ಉದ್ದ ಆಗತ್ತೆ, ಪೂರ್ತಿ ಕೇಳು. ಅಕ್ಕ, ಭಾವ, ನೀವೂ ಕೇಳಿ, ನಿಮಗೂ ಒಂದು ಮಾತಿದೆ ಇದರಲ್ಲಿ.

ಆ ಟೈಮ್‌ಟೇಬಲ್ ಇವತ್ತೇ ಬಿಡು. ಯಾಕೆ ಅಂತ ಹೇಳ್ತೀನಿ. ಬಯಾಲಜಿ 20ನೇ ದಿನ ಮುಗೀತು ಅಂದ್ರೆ, ಪರೀಕ್ಷೆಗೆ ಕೂರೋ ಹೊತ್ತಿಗೆ ನೀನು ಅದನ್ನ ಮುಟ್ಟಿ 40 ದಿನ ಆಗಿರತ್ತೆ. 180 ಪ್ರಶ್ನೇಲಿ 90 ಬಯಾಲಜೀದು, 720ರಲ್ಲಿ 360 ಮಾರ್ಕ್ಸ್. ಅದನ್ನೇ ಅಷ್ಟು ದಿನ ಒಣಗೋಕೆ ಬಿಡ್ತಿದ್ದೀಯ. ನಮ್ಮ ದೊಡ್ಡವಳೂ ಮೊದಲನೇ ಸಲ ಹೀಗೇ ಮಾಡಿದ್ದು. ಎಕ್ಸ್‌ಕ್ರೀಷನ್ ಪಾಠ ಓದಿದ ದಿನ ನನಗೇ ಪಾಠ ಮಾಡಿದ್ಲು. ಹೆನ್ಲೆ ಲೂಪಿನ ಇಳಿಯೋ ಕಡೆ ನೀರು ಹೊರಗೆ ಹೋಗತ್ತೆ, ಏರೋ ಕಡೆ ನೀರು ಹೋಗಲ್ಲ, ಲವಣ ಮಾತ್ರ ಹೋಗತ್ತೆ ಅಂತ. ಒಂದೂವರೆ ತಿಂಗಳಾದ ಮೇಲೆ ಒಂದು ಪೇಪರಲ್ಲಿ ಅದನ್ನೇ ಉಲ್ಟಾ ಗುರುತು ಹಾಕಿ ಬಂದ್ಲು. "ಗೊತ್ತಿತ್ತಮ್ಮಾ, ಯಾವುದು ಯಾವ ಕಡೆ ಅನ್ನೋದೇ ಕೈ ಕೊಡ್ತು" ಅಂತ ಅತ್ಲು. ಪಾಠ ಪೂರ್ತಿ ಮರೆತುಹೋಗಲ್ಲ ಮಗಾ. ಎಡ ಯಾವುದು ಬಲ ಯಾವುದು ಅನ್ನೋ ಅಂಚು ಮೊದಲು ಅಳಿಸತ್ತೆ, ನೀಟಲ್ಲಿ ಕೇಳೋದೇ ಆ ಅಂಚನ್ನ.

ಭಾವ ತೋಟದಲ್ಲಿ ಏನ್ಮಾಡ್ತಾರೆ ನೋಡು. ರೋಬಸ್ಟಾ ಕಾಫಿಗೆ ಹೂವಿಗೆ ಅಂತ ಒಂದು ಸಲ ಸ್ಪ್ರಿಂಕ್ಲರ್ ಓಡಿಸಿ ಸುಮ್ಮನಿರ್ತಾರಾ? ಹದಿನೈದಿಪ್ಪತ್ತು ದಿನಕ್ಕೆ ಮಳೆ ಬರದಿದ್ರೆ ಬ್ಯಾಕಿಂಗ್‌ಗೆ ಮತ್ತೆ ನೀರು ಕೊಡಲೇಬೇಕು, ಇಲ್ಲಾಂದ್ರೆ ಅರಳಿದ ಹೂವು ಕಾಯಿ ಕಚ್ಚಲ್ಲ. ಪಾಠಕ್ಕೂ ಬ್ಯಾಕಿಂಗ್ ಬೇಕು.

ಈಗ ಲೆಕ್ಕ ಹಾಕೋಣ, ಪೆನ್ನು ತಗೋ. ಫಿಸಿಕ್ಸ್ ಸಿಲಬಸ್ಸಲ್ಲಿ 20 ಯೂನಿಟ್, ಕೆಮಿಸ್ಟ್ರೀಲಿ 20. ಬಯಾಲಜಿ ಎನ್‌ಸಿಇಆರ್‌ಟಿ ಎರಡೂ ವರ್ಷದ್ದು ಸೇರಿ 32 ಪಾಠ. ಒಟ್ಟು 72. ವಾರಕ್ಕೆ ಆರು ದಿನ, ದಿನಕ್ಕೆ ಎರಡು. ಒಂದು ಬಯಾಲಜಿ ಪಾಠ, ಅದರ ಜೊತೆ ಒಂದು ದಿನ ಫಿಸಿಕ್ಸ್ ಯೂನಿಟ್, ಮಾರನೇ ದಿನ ಕೆಮಿಸ್ಟ್ರಿ ಯೂನಿಟ್. ಬಯಾಲಜಿ 32 ಮುಗಿದ ಮೇಲೆ ಉಳಿಯೋ ನಾಲ್ಕು ದಿನ ಫಿಸಿಕ್ಸ್ ಒಂದು, ಕೆಮಿಸ್ಟ್ರಿ ಒಂದು. ಆರು ವಾರಕ್ಕೆ, ಅಂದ್ರೆ 42 ದಿನಕ್ಕೆ, ಎಲ್ಲಾ ಒಂದು ಸುತ್ತು ಬರತ್ತೆ. ಭಾನುವಾರ ಹೊಸದೇನೂ ಬೇಡ, ಒಂದು ಪೂರ್ತಿ ಪೇಪರ್ ಮಾತ್ರ. ಆಮೇಲೆ ಉಳಿಯೋದು 18 ದಿನ, ಅದರ ಮಾತು ಆಮೇಲೆ.

ಇದು ಅರ್ಧ ಕೆಲಸ ಅಷ್ಟೇ. ಇನ್ನರ್ಧ ಅಂದ್ರೆ ಮುಗಿಸಿದ ಪಾಠಕ್ಕೆ ವಾಪಸ್ ಬರೋದು. ಎರಡು ದಿನ ಬಿಟ್ಟು ಒಂದ್ಸಲ, ಅಲ್ಲಿಂದ ಒಂದು ವಾರ ಬಿಟ್ಟು ಒಂದ್ಸಲ, ಅಲ್ಲಿಂದ ಮೂರು ವಾರ ಬಿಟ್ಟು ಒಂದ್ಸಲ. ಗೋಡೆ ಕ್ಯಾಲೆಂಡರ್ ಇಳಿಸಿಕೊಂಡು, ಪಾಠ ಮುಗಿಸಿದ ದಿನವೇ ಮುಂದಿನ ಮೂರು ತಾರೀಕಿನ ಮೇಲೂ ಅದರ ಹೆಸರು ಬರೆದುಬಿಡು. ಆ ದಿನ ಬಂದಾಗ ಏನು ಓದಲಿ ಅಂತ ಯೋಚನೆ ಮಾಡೋ ಕೆಲಸವೇ ಇರಲ್ಲ.

ವಾಪಸ್ ಬರೋದು ಅಂದ್ರೆ ಮತ್ತೆ ಓದೋದಲ್ಲ, ಇಲ್ಲೇ ಎಲ್ಲರೂ ಎಡವೋದು. ಪುಸ್ತಕ ಮುಚ್ಚು. ಒಂದು ಖಾಲಿ ಹಾಳೆ ತಗೋ, ಹತ್ತು ನಿಮಿಷ. ಅದೇ ಎಕ್ಸ್‌ಕ್ರೀಷನ್ ಪಾಠ ಅಂತಿಟ್ಕೋ. ನೆಫ್ರಾನ್ ಚಿತ್ರ ಬರಿ, ಪ್ರತಿ ಭಾಗದಲ್ಲಿ ಏನು ಒಳಗೆ ಬರತ್ತೆ ಏನು ಹೊರಗೆ ಹೋಗತ್ತೆ ಅಂತ ಬಾಣ ಹಾಕು, ನಿಮಿಷಕ್ಕೆ ಎಷ್ಟು ಸೋಸತ್ತೆ ಬರಿ, ರೆನಿನ್ ಯಾವ ಕೋಶದಿಂದ ಬರತ್ತೆ, ಆಮೇಲೆ ಆಲ್ಡೋಸ್ಟಿರಾನ್ ತನಕ ಸರಪಳಿ ಬರಿ. ಈಗ ಪುಸ್ತಕ ತೆಗೆದು ಬಿಟ್ಟಿದ್ದು, ತಪ್ಪಿದ್ದು ಕೆಂಪು ಪೆನ್ನಲ್ಲಿ ತುಂಬು. ಆಮೇಲೆ ಆ ಪಾಠದ ಹಳೇ ಪ್ರಶ್ನೆ 15 ಮಾಡು. ಎಲ್ಲಾ ಸೇರಿ 25 ನಿಮಿಷ. 15ರಲ್ಲಿ 12 ಸರಿ ಬಂದ್ರೆ ಕ್ಯಾಲೆಂಡರ್ ಪ್ರಕಾರ ಮುಂದೆ ಹೋಗು. 9ಕ್ಕಿಂತ ಕಡಿಮೆ ಬಂದ್ರೆ ನಾಳೆಯೇ ಮತ್ತೆ ಹಾಕ್ಕೋ, ಎಣಿಕೆ ಮೊದಲಿಂದ. ನಡುವೆ ಬಂದ್ರೆ ಮುಂದಿನ ತಾರೀಕಿನವರೆಗಿನ ಗ್ಯಾಪನ್ನ ಅರ್ಧಕ್ಕೆ ಇಳಿಸು. 12, 9 ಅನ್ನೋದು ನಾನು ಇಟ್ಕೊಂಡಿರೋ ಗೆರೆ. ನಿನಗೆ ಒಂದೆರಡು ಆಚೆ ಈಚೆ ಆದ್ರೂ ಪರವಾಗಿಲ್ಲ, ಆದ್ರೆ ಗೆರೆ ಅಂತ ಒಂದು ಇರಲಿ.

ದೊಡ್ಡವಳು ಎರಡನೇ ವರ್ಷ ಇದೇ ಪಾಠ ಮಾಡಿದ ಹಾಳೆಗಳು ಇನ್ನೂ ನನ್ನ ಹತ್ರ ಇವೆ. ಮೂರನೇ ದಿನದ್ದು ನೋಡಿದ್ರೆ ಅರ್ಧ ಹಾಳೆ ಕೆಂಪು. ನಿಮಿಷಕ್ಕೆ 125 ಮಿಲಿ ಅನ್ನೋ ಕಡೆ ದಿನದ 180 ಲೀಟರ್ ತಂದು ಹಾಕಿದ್ದಾಳೆ, ಲೂಪ್ ಅದಲು ಬದಲು. ಹತ್ತನೇ ದಿನ ಲೂಪ್ ಸರಿ, ರೆನಿನ್ ಸರಪಳೀಲಿ ಒಂದು ಕೊಂಡಿ ಇಲ್ಲ. ಮೂವತ್ತೊಂದನೇ ದಿನದ ಹಾಳೇಲಿ ಕೆಂಪು ಎರಡೇ ಕಡೆ. ಒಟ್ಟು ಮೂರು ಸಲ 25 ನಿಮಿಷ, ಒಂದೂಕಾಲು ಗಂಟೆ. ಮೊದಲ ವರ್ಷ ಅದೇ ಪಾಠ ಒಂದೇ ದಿನ ನಾಲ್ಕು ಗಂಟೆ ಓದಿ ಕಳಕೊಂಡಿದ್ಲು.

ಇನ್ನು ಫಿಸಿಕ್ಸ್. ಇದು ನನ್ನ ಸಬ್ಜೆಕ್ಟು, ಸ್ವಲ್ಪ ನಿಲ್ತೀನಿ. ಫಿಸಿಕ್ಸ್‌ಗೆ ವಾಪಸ್ ಬಂದ್ರೆ ಸಾಲದು, ಲೆಕ್ಕಗಳನ್ನ ಬೆರೆಸಬೇಕು. ರೊಟೇಶನ್ ಯೂನಿಟ್ ತೆಗೆದು ಕೂತಾಗ ಇಳಿಜಾರಿನ ಲೆಕ್ಕ ಬಂದ್ರೆ ಇದು ಉರುಳೋದು ಅಂತ ನಿನಗೆ ಮೊದಲೇ ಗೊತ್ತು, ಯಾಕಂದ್ರೆ ಪಾಠದ ಹೆಸರೇ ಹೇಳ್ತಿದೆ. ಪೇಪರಲ್ಲಿ ಯಾರೂ ಹೇಳಲ್ಲ. 30 ಡಿಗ್ರಿ ಇಳಿಜಾರು, ನುಣುಪು ಮೇಲ್ಮೈ, ಒಂದು ಬ್ಲಾಕ್ ಜಾರತ್ತೆ ಅಂದ್ರೆ g sinθ, g 10 ಹಿಡಿದ್ರೆ 5. ಅದೇ ಇಳಿಜಾರಲ್ಲಿ ಘನ ಗೋಲ ಜಾರದೆ ಉರುಳತ್ತೆ ಅಂದ್ರೆ 5/7 g sinθ, ಸುಮಾರು 3.6. ಆಪ್ಷನ್ನಲ್ಲಿ ಎರಡೂ ಇರತ್ತೆ. ಸೂತ್ರ ಗೊತ್ತಿರೋ ಹುಡುಗರೇ ಇಲ್ಲಿ 5 ಹಾಕಿ ನಾಲ್ಕು ಮಾರ್ಕ್ಸ್ ಬಿಟ್ಟು ಮೇಲೆ ಒಂದು ಕಳಕೊಂಡು ಬರ್ತಾರೆ. ಯಾವ ಲೆಕ್ಕಕ್ಕೆ ಯಾವ ದಾರಿ ಅಂತ ಆರಿಸೋದೇ ಒಂದು ಬೇರೆ ಅಭ್ಯಾಸ. ಅದಕ್ಕೆ ದಿನಾ 15 ಲೆಕ್ಕ, ಮುಗಿಸಿರೋ ಎಲ್ಲಾ ಯೂನಿಟ್‌ಗಳಿಂದ ಚೀಟಿ ಎತ್ತಿದ ಹಾಗೆ ಬೆರೆಸಿ ಮಾಡು. ಭಾನುವಾರ ಮಾತ್ರ ಬಿಡು.

ಮೊದಲ ಹತ್ತು ದಿನ ನಿನಗೆ ಬೇಜಾರಾಗತ್ತೆ, ಅದನ್ನ ಈಗಲೇ ಹೇಳಿರ್ತೀನಿ. ಬೆರೆಸಿ ಮಾಡಿದಾಗ ತಪ್ಪು ಜಾಸ್ತಿ ಬರತ್ತೆ. ಅಮೆರಿಕದಲ್ಲಿ ರೋರರ್, ಟೇಲರ್ ಅಂತ ಇಬ್ಬರು 2007ರಲ್ಲಿ ಇದನ್ನೇ ನೋಡಿದ್ರು. ಘನಾಕೃತಿಗಳ ಗಾತ್ರದ ಲೆಕ್ಕ ಕೊಟ್ಟು, ಕೆಲವರಿಗೆ ಒಂದೊಂದೇ ಬಗೆ ಸಾಲಾಗಿ, ಉಳಿದವರಿಗೆ ಬೆರೆಸಿ ಮಾಡಿಸಿದ್ರು. ಅಭ್ಯಾಸದ ಹೊತ್ತಲ್ಲಿ ಸಾಲಾಗಿ ಮಾಡಿದವರಿಗೆ ಶೇಕಡ 89 ಸರಿ, ಬೆರೆಸಿ ಮಾಡಿದವರಿಗೆ 60. ವಾರ ಬಿಟ್ಟು ಪರೀಕ್ಷೆ ಇಟ್ರೆ ಸಾಲಿನವರದ್ದು 20ಕ್ಕೆ ಇಳೀತು, ಬೆರೆಸಿದವರದ್ದು 63. ಹಾಗಾಗಿ ಆರಂಭದ ತಪ್ಪು ನೋಡಿ ಹಳೇ ಟೈಮ್‌ಟೇಬಲ್‌ಗೆ ಓಡಬೇಡ.

ಎರಡು ಕಡೆ ಇದು ಕೈ ಕೊಡತ್ತೆ. ಒಂದು, ಐದನೇ ವಾರದ ಹೊತ್ತಿಗೆ ದಿನಕ್ಕೆ ಎರಡು ಹೊಸ ಪಾಠದ ಜೊತೆ ಆರು ಹಳೇದು ವಾಪಸ್ ಬಂದು ನಿಲ್ಲತ್ತೆ. ಆರು ಅಂದ್ರೆ ಎರಡೂವರೆ ಗಂಟೆ. ಒಂದು ದಿನ ಜ್ವರ ಬಂತು, ಯಾರದೋ ಮದುವೆಗೆ ಹೋದೆ ಅಂದ್ರೆ ರಾಶಿ ಬೀಳತ್ತೆ. ಆಗ ಹೊಸದನ್ನ ನಿಲ್ಲಿಸು, ಹಳೇದನ್ನ ನಿಲ್ಲಿಸಬೇಡ. ಎಲ್ಲರೂ ಇದನ್ನ ತಿರುಗಾಮುರುಗಾ ಮಾಡ್ತಾರೆ. ಇನ್ನೊಂದು, ಅರ್ಥವೇ ಆಗದೆ ಉಳಿದ ಯೂನಿಟ್ ಎಷ್ಟು ಸಲ ತಿರುಗಿ ಬಂದ್ರೂ ಬರಲ್ಲ. ಖಾಲಿ ಹಾಳೇಲಿ ಎರಡು ಸಾಲೂ ಬರಲಿಲ್ಲ ಅಂದ್ರೆ ಅದು ಮರೆವಲ್ಲ, ಕಲಿತೇ ಇಲ್ಲ ಅಂತ. ಅಂಥವು ಇದ್ರೆ ನನಗೆ ಕಳಿಸು, ಸಂಜೆ ಏಳರ ಮೇಲೆ ಫೋನಲ್ಲಿ ಕೂರೋಣ. ನಿನಗೆ ಕಷ್ಟ ಅನ್ನಿಸೋ ಯೂನಿಟ್ ಎಲ್ಲಾ ಮೊದಲ ಮೂರು ವಾರಕ್ಕೆ ಹಾಕು. ಆರನೇ ವಾರ ಮೊದಲ ಸಲ ಮುಟ್ಟಿದ್ದಕ್ಕೆ ಮೂರು ವಾರದ ಗ್ಯಾಪ್ ಕೊಡೋಕೆ ದಿನವೇ ಉಳಿದಿರಲ್ಲ, ಅಲ್ಲಿ ಸುಲಭದ್ದು ಇರಲಿ.

ಕೊನೇ 18 ದಿನ ಮೂರು ದಿನಕ್ಕೊಂದು ಪೇಪರ್, ಪರೀಕ್ಷೆ ಹಿಂದಿನ ಮೂರು ದಿನ ಬಿಟ್ಟು. ಐದು ಪೇಪರ್ ಆಗತ್ತೆ. ಮಧ್ಯಾಹ್ನ 2ರಿಂದ 5ರವರೆಗೇ ಬರಿ, ಪರೀಕ್ಷೆ ಇರೋದು ಆ ಹೊತ್ತಲ್ಲೇ, ಊಟದ ನಂತರದ ನಿದ್ದೆ ಅಭ್ಯಾಸ ಆಗಿದ್ರೆ ಅದು ಅಲ್ಲೂ ಬರತ್ತೆ. ಪೇಪರ್ ಮುಗಿದ ಮೇಲೆ ಪ್ರತಿ ತಪ್ಪಿನ ಪಕ್ಕ ಒಂದು ಅಕ್ಷರ ಹಾಕು. ಗೊತ್ತೇ ಇರಲಿಲ್ಲ ಅಂದ್ರೆ ಗೊ, ಮರೆತಿದ್ದೆ ಅಂದ್ರೆ ಮ, ಪ್ರಶ್ನೆ ಸರಿಯಾಗಿ ಓದಲಿಲ್ಲ ಅಂದ್ರೆ ಓ. ಮ ಬಿದ್ದ ಪಾಠ ಮಾರನೇ ದಿನ ಖಾಲಿ ಹಾಳೆಗೆ ಬರತ್ತೆ. ಓ ಜಾಸ್ತಿ ಇದ್ರೆ ಓದೋದು ಹೆಚ್ಚಿಸಿ ಏನೂ ಪ್ರಯೋಜನ ಇಲ್ಲ. "ಯಾವುದು ತಪ್ಪು" ಅಂತ ಕೇಳಿದ ಪದಕ್ಕೆ ಪೆನ್ನಲ್ಲಿ ಸುತ್ತು ಹಾಕೋದನ್ನ ರೂಢಿಸ್ಕೋ. ಕೊನೇ ಮೂರು ದಿನ ಕೆಂಪು ಹಾಳೆ ಮಾತ್ರ ತಿರುವಿ ಹಾಕು.

ಅಕ್ಕ, ಭಾವ, ನಿಮ್ಮ ಮಾತು ಇದು. ಮೆಣಸು ಕೊಯ್ಲಿಗೆ ಆಳು ಸಿಗ್ತಿಲ್ಲ ಅಂತ ಗೊತ್ತು. ಅವನು ಬೇಕೇ ಬೇಕು ಅಂದ್ರೆ ಬೆಳಗ್ಗೆ ಒಂದು ಗಂಟೆ ಕರೀರಿ, ಎರಡರಿಂದ ಐದು ಮಾತ್ರ ಯಾವತ್ತೂ ಕರೀಬೇಡಿ. ಹೂಮಳೆ ಬಂದು ಕರೆಂಟ್ ಹೋದ ದಿನ ಮೊಬೈಲ್ ಚಾರ್ಜ್ ಇಲ್ಲ ಅಂತ ಅವನು ಸುಮ್ಮನೆ ಕೂತ್ರೆ ಹಾಳೆ, ಪೆನ್ನು ಕೈಗೆ ಕೊಡಿ. ವಾಪಸ್ ಬರೋ ಕೆಲಸಕ್ಕೆ ಕಿಟಕಿ ಬೆಳಕು ಸಾಕು.

ಮಗಾ, ಇವತ್ತು ರಾತ್ರಿ ಕ್ಯಾಲೆಂಡರಲ್ಲಿ ಮೊದಲ ವಾರದ 12 ಹೆಸರು ಬರೆದು ಫೋಟೋ ಹಾಕು, ನೋಡ್ತೀನಿ. ರೊಟೇಶನ್ ಮೊದಲ ವಾರದಲ್ಲೇ ಇರಲಿ. ಬೆಲ್ ಆಯ್ತು, ಇಡ್ತೀನಿ.